20ರಲ್ಲಿ 13 ಸಲ ಸೋತರೂ ದುಡ್ಡು ಉಳಿಯೋದು ಹೇಗೆ?

ಹೋದ ವಾರ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು, "ಅಣ್ಣಾ, ನಿಮ್ಮ ವಿನ್ ರೇಟ್ ಎಷ್ಟು?" 35 ಪರ್ಸೆಂಟ್ ಅಂದೆ. ನಗೋ ಇಮೋಜಿ ಬಂತು. ಅವರದ್ದು 80 ಅಂತೆ. ಸರಿ, ಒಂದು ಗೆದ್ದಾಗ ಎಷ್ಟು ಬರುತ್ತೆ, ಸೋತಾಗ ಎಷ್ಟು ಹೋಗುತ್ತೆ ಅಂತ ಕೇಳಿದೆ. ಗೆದ್ರೆ ಸುಮಾರು 200 ರೂಪಾಯಿ, ಸೋತ್ರೆ ಸಾವಿರ.

ಈಗ ಲೆಕ್ಕ ಹಾಕೋಣ. 20 ಟ್ರೇಡ್‌ನಲ್ಲಿ ಅವರು 16 ಗೆದ್ದರೆ 3,200 ರೂಪಾಯಿ ಬಂತು. ನಾಲ್ಕೇ ನಾಲ್ಕು ಸೋತಿದ್ದಕ್ಕೆ 4,000 ಹೋಯ್ತು. ದಿನಾ ಗೆಲ್ತಾನೇ 800 ರೂಪಾಯಿ ಕಳ್ಕೊಂಡ್ರು!

ನನ್ನದು ಹೀಗೆ. 400 ರೂಪಾಯಿಯ ಷೇರು 50 ತಗೋತೀನಿ. 390ಕ್ಕೆ ಸ್ಟಾಪ್ ಲಾಸ್, 430ಕ್ಕೆ ಟಾರ್ಗೆಟ್. ಸೋತರೆ 500 ಹೋಗುತ್ತೆ, ಗೆದ್ದರೆ 1,500 ಬರುತ್ತೆ. ಒಂದಕ್ಕೆ ಮೂರು, ಇದೇ ರಿಸ್ಕ್-ರಿವಾರ್ಡ್ ರೇಶಿಯೋ. 20ರಲ್ಲಿ 7 ಗೆದ್ದರೆ 10,500 ರೂಪಾಯಿ, 13 ಸೋತರೆ 6,500. ಉಳಿದದ್ದು 4,000. ತೆರಿಗೆ, ಚಾರ್ಜು ಅಂತ ಟ್ರೇಡಿಗೆ 60 ರೂಪಾಯಿ ಹಿಡಿದರೂ ಕೈಗೆ 2,800 ಬರುತ್ತೆ. ಈ ರೇಶಿಯೋದಲ್ಲಿ ನಾಲ್ಕರಲ್ಲಿ ಒಂದು ಗೆದ್ದರೆ, ಚಾರ್ಜು ಬಿಟ್ಟು, ಅಸಲು ಸಮ. ಒಂದಕ್ಕೆ ಒಂದು ಇಟ್ಟವರು ಅರ್ಧಕ್ಕರ್ಧ ಗೆಲ್ಲಲೇಬೇಕು.

ಹಾಗಂತ ಟಾರ್ಗೆಟ್ ದೂರ ಇಟ್ಟುಬಿಟ್ಟರೆ ಆಯ್ತು ಅನ್ಕೋಬೇಡಿ. ದೂರ ಇಟ್ಟಷ್ಟೂ ಬೆಲೆ ಅಲ್ಲಿಗೆ ತಲುಪೋದು ಕಮ್ಮಿಯಾಗುತ್ತೆ, ವಿನ್ ರೇಟ್ ಇಳಿಯುತ್ತೆ. ಎರಡನ್ನೂ ಒಟ್ಟಿಗೇ ನೋಡಬೇಕು. ಇನ್ನೊಂದು, ರಾತ್ರಿ ಕೆಟ್ಟ ಸುದ್ದಿ ಬಂದು ಷೇರು ಬೆಳಿಗ್ಗೆ 380ಕ್ಕೇ ತೆರೆದರೆ 390ರ ಸ್ಟಾಪ್ ಲಾಸ್ ಕಾಪಾಡಲ್ಲ. 500ರ ಜಾಗದಲ್ಲಿ ಸಾವಿರ ಹೋಗುತ್ತೆ.

ನಾನು ನಿಜವಾಗಿ ಎಡವಿದ್ದು ಬೇರೆ ಕಡೆ. 35 ಪರ್ಸೆಂಟ್ ಗೆಲುವು ಅಂದ್ರೆ, ಯಾವುದೇ ಆರು ಟ್ರೇಡ್ ತಗೊಂಡ್ರೂ ಆರೂ ಸೋಲೋ ಸಾಧ್ಯತೆ ಏಳೂವರೆ ಪರ್ಸೆಂಟ್ ಇದೆ. ನೂರು ಟ್ರೇಡ್ ಮಾಡಿದರೆ ಅಂಥದ್ದೊಂದು ಸಾಲು ಬಹುತೇಕ ಬಂದೇ ಬರುತ್ತೆ. ನನಗೆ ಎರಡನೇ ತಿಂಗಳಲ್ಲೇ ಬಂತು. ರಾತ್ರಿ ನಿದ್ದೆ ಇಲ್ಲ. ಆಮೇಲಿಂದ ಷೇರು 412ಕ್ಕೆ ಬಂದ್ರೆ ಸಾಕು, 'ಬಂದಷ್ಟು ಬರಲಿ' ಅಂತ ಮಾರಿಬಿಡ್ತಿದ್ದೆ. ಅಂದ್ರೆ 1,500ರ ಬದಲು 600. ಅದೇ 7 ಗೆಲುವು, ಅದೇ 13 ಸೋಲು, ಆದರೆ ಈಗ ಬಂದದ್ದು 4,200, ಹೋದದ್ದು 6,500. ಕಾಗದದ ಮೇಲೆ ಒಂದಕ್ಕೆ ಮೂರು, ಅಕೌಂಟಲ್ಲಿ ಒಂದಕ್ಕೆ ಒಂದೂಕಾಲೂ ಇಲ್ಲ.

ಇದು ಗೊತ್ತಾಗಿದ್ದು ಶೀಟಲ್ಲಿ ಎರಡು ಕಾಲಂ ಹಾಕಿದ ಮೇಲೆ: ಅಂದ್ಕೊಂಡ ಲಾಭ, ನಿಜವಾಗಿ ಬಂದ ಲಾಭ. ಈಗ ಟ್ರೇಡಿಗೆ 500ರ ಬದಲು 200 ಮಾತ್ರ ರಿಸ್ಕ್ ಇಡ್ತೀನಿ. ಆರು ಸಲ ಸತತ ಸೋತ್ರೂ 1,200. ಅಷ್ಟಾದ್ರೆ ನಿದ್ದೆ ಬರುತ್ತೆ, 430ರ ತನಕ ಕಾಯೋಕೂ ಆಗುತ್ತೆ.