ಕನಕದಿಂದ ಕಿಟಕಿಯವರೆಗೆ

ರಾತ್ರಿ ಬಸ್ಸಿನಲ್ಲಿ ಪದಗಳ ಅಂತ್ಯಾಕ್ಷರಿ ನಡೆದಿದೆ. ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಹೇಳಬೇಕು. ಎದುರಿನ ಹುಡುಗಿ ‘ಕನಸು’ ಎಂದಳು. ಈಚೆಯವನಿಗೆ ‘ಸು’ ಬಂತು. ಅವನು ತಡಮಾಡದೆ ‘ಸುರಿಸು’ ಎಂದ. ‘ಸು’ ಹೋದ ಹಾಗೆಯೇ ಅವಳ ಬಳಿಗೆ ವಾಪಸು ಬಂತು. ಯಾವ ಅಕ್ಷರ ಕೈಗೆ ಬಂತೋ ಅದನ್ನೇ ಎದುರಾಳಿಗೆ ತಿರುಗಿಸಿ ಕೊಡುವ ಇಂಥ ಪದಗಳು ಆಟದಲ್ಲಿ ದೊಡ್ಡ ಆಸ್ತಿ. ಕನಕ, ನಯನ, ಸರಸ, ಜಲಜ ಇವು ಎಲ್ಲರಿಗೂ ಬೇಗ ಹೊಳೆಯುತ್ತವೆ. ಅಲ್ಲಿಂದ ಮುಂದೆ ಹುಡುಕುವುದಕ್ಕೆ ಮಾತ್ರ ದಾರಿ ಗೊತ್ತಿರಬೇಕು.

ಮೊದಲು ಎದುರಾಗುವ ಜಗಳ, ಅಕ್ಷರ ಎಂದರೆ ಯಾವುದು ಎಂಬುದು. ‘ಅಮ್ಮ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲೂ ಕೊನೆಯೂ ‘ಎ’. ಕನ್ನಡದಲ್ಲಿ ಹಾಗಲ್ಲ. ಅದು ‘ಅ’ದಿಂದ ಶುರುವಾಗಿ ‘ಮ್ಮ’ದಲ್ಲಿ ಮುಗಿಯುತ್ತದೆ. ಕನ್ನಡದ ಲೆಕ್ಕದಲ್ಲಿ ವ್ಯಂಜನ, ಅದರ ಒತ್ತು, ಅದಕ್ಕೆ ಹತ್ತಿದ ಸ್ವರ ಎಲ್ಲ ಸೇರಿ ಒಂದು ಅಕ್ಷರ. ಆದ್ದರಿಂದ ‘ಗಾಣಿಗ’ ನಡೆಯುವುದಿಲ್ಲ, ‘ಗಾ’ ಬೇರೆ, ‘ಗ’ ಬೇರೆ. ‘ತಾತ’ನೂ ಹೊರಗೆ. ‘ತುತ್ತು’ ಇನ್ನೂ ಸ್ವಲ್ಪದರಲ್ಲಿ ತಪ್ಪುತ್ತದೆ, ಕೊನೆಯಲ್ಲಿ ಇರುವುದು ಒತ್ತಿನ ‘ತ್ತು’. ಅತಿ ಹೆಚ್ಚು ಮೋಸ ಮಾಡುವುದು ‘ಮರ್ಮ’. ಅರ್ಕಾವೊತ್ತು ಹಾಕಿ ಬರೆದಾಗ ಕಣ್ಣಿಗೆ ಎರಡೂ ಕಡೆ ‘ಮ’ವೇ ಕಾಣುತ್ತದೆ. ಬಿಡಿಸಿ ಓದಿದರೆ ಅದು ‘ಮ’ ಮತ್ತು ‘ರ್ಮ’.

ಸೊನ್ನೆಯ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ‘ಸಂತಸ’ದ ಮೊದಲ ಅಕ್ಷರ ‘ಸಂ’, ಕೊನೆಯದು ‘ಸ’. ಕಟ್ಟುನಿಟ್ಟಾಗಿ ಆಡುವವರು ಇದನ್ನೂ ‘ಕಂಟಕ’ವನ್ನೂ ಒಪ್ಪುವುದಿಲ್ಲ. ಮನೆಯ ಆಟದಲ್ಲಿ ಸೊನ್ನೆಯನ್ನು ಕಡೆಗಣಿಸಿದರೂ ನಡೆಯುತ್ತದೆ, ಆದರೆ ಎಲ್ಲರಿಗೂ ಒಂದೇ ನಿಯಮ ಇರಬೇಕು.

ಅಕ್ಷರ ಯಾವುದೆಂದು ಗಟ್ಟಿಯಾದ ಮೇಲೆ ವರ್ಣಮಾಲೆಯ ಒಂದು ದೊಡ್ಡ ಭಾಗ ತಾನಾಗಿಯೇ ಬಿಟ್ಟುಹೋಗುತ್ತದೆ. ಅ, ಆ, ಇ, ಈ ಮುಂತಾದ ಸ್ವರಗಳನ್ನು ಕನ್ನಡದಲ್ಲಿ ಬಿಡಿಯಾಗಿ ಬರೆಯುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ. ಒಳಗೆ ಹೋದ ಕೂಡಲೇ ಅವು ತಲಕಟ್ಟು, ಇಳಿ, ಗುಡಿಸು, ಕೊಂಬುಗಳಾಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ ಸ್ವರದಿಂದ ಶುರುವಾಗುವ ಪದಗಳಲ್ಲಿ ಹುಡುಕುವುದು ವ್ಯರ್ಥ. ಇನ್ನೊಂದು ತುದಿಯಲ್ಲಿ ‘ಳ’ ಮತ್ತು ‘ಣ’ ಇವೆ. ಮರಗಳು, ಬಂದಳು, ಹೂವುಗಳು ಎಂದು ಎಷ್ಟೋ ಪದಗಳು ‘ಳು’ವಿನಲ್ಲಿ ಮುಗಿಯುತ್ತವೆ, ಆದರೆ ‘ಳು’ವಿನಿಂದ ಶುರುವಾಗುವ ಕನ್ನಡ ಪದವಿಲ್ಲ. ಅಂತ್ಯಾಕ್ಷರಿಯಲ್ಲಿ ‘ಳ’ ಬಂದರೆ ‘ಲ’ ಎಂದು ರಿಯಾಯಿತಿ ಕೊಡುವ ರೂಢಿ ಬಂದದ್ದು ಇದರಿಂದಲೇ.

ಉಳಿದ ಅಕ್ಷರಗಳಲ್ಲಿ ಹುಡುಕುವಾಗ ಹೆಚ್ಚಿನವರು ಪದದ ತಲೆ ಹಿಡಿದು ಹೊರಡುತ್ತಾರೆ. ಬಾಲ ಹಿಡಿದು ಹೊರಟರೆ ಕೆಲಸ ಬಹಳ ಸುಲಭ. ಕನ್ನಡ ಪದಗಳ ಕೊನೆಯಲ್ಲಿ ಪದೇ ಪದೇ ಬರುವ ಅಕ್ಷರಗಳು ಕೆಲವೇ. ಸಂಸ್ಕೃತದಿಂದ ಬಂದ ಪದಗಳಲ್ಲಿ ‘ನ’ ಮತ್ತು ‘ಕ’ ಬಹಳ ಹೆಚ್ಚು. ಹಾಗಾಗಿ ‘ನ’ದಿಂದ ಶುರುವಾಗುವ ಪದಗಳನ್ನು ನೆನೆದರೆ ನಮನ, ನರ್ತನ, ನವೀನ, ನಳಿನ ಸಾಲಾಗಿ ಬರುತ್ತವೆ. ‘ಕ’ದಲ್ಲಿ ಕಥಾನಕ, ಕಟಕ ಸಿಗುತ್ತವೆ, ಜೊತೆಗೆ ಅಡುಗೆಮನೆಯ ‘ಕಣಕ’ವೂ. ಹೋಳಿಗೆಗೆ ನಾದಿಟ್ಟ ಹಿಟ್ಟಿನ ಈ ಹೆಸರು ಹಿಂದುಮುಂದಾಗಿ ಓದಿದರೂ ಕಣಕವೇ. ‘ಸ’ದಲ್ಲಿ ಸಹವಾಸ, ಸಮಾಸ, ಸಮರಸ.

ನಿಜವಾದ ಗಣಿ ಇರುವುದು ಕನ್ನಡದ ಸ್ವಂತ ಪ್ರತ್ಯಯಗಳಲ್ಲಿ. ಬಸ್ಸಿನ ಹುಡುಗನಿಗೆ ‘ಸುರಿಸು’ ಕೊಟ್ಟದ್ದು ‘ಇಸು’ ಎಂಬ ಪ್ರತ್ಯಯ. ಮಾಡು ಮಾಡಿಸು ಆಗುತ್ತದೆ, ಓಡು ಓಡಿಸು ಆಗುತ್ತದೆ. ಅಂದರೆ ‘ಸು’ವಿನಿಂದ ಶುರುವಾಗುವ ಕ್ರಿಯಾಪದ ಒಂದು ಸಿಕ್ಕಿದರೆ ಸಾಕು, ಬಾಲಕ್ಕೆ ‘ಇಸು’ ಹಚ್ಚಿದ ಕೂಡಲೇ ಎರಡೂ ತುದಿ ಒಂದಾಗುತ್ತವೆ. ಸುತ್ತು ಸುತ್ತಿಸು ಆಯಿತು, ಸುಡು ಸುಡಿಸು ಆಯಿತು, ಸುಲಿ ಸುಲಿಸು ಆಯಿತು. ಸಂಸ್ಕೃತದ ಸುಖ ಕೂಡ ಇದೇ ಮೂಸೆಗೆ ಬಿದ್ದು ಸುಖಿಸು ಎಂದಾಗುತ್ತದೆ. ‘ಸುಧಾರಿಸು’ ಅಂತೂ ದಿನಬಳಕೆಯ ಮಾತು. ‘ಸೂಚಿಸು’ ಮಾತ್ರ ದೀರ್ಘದಿಂದಾಗಿ ಸೋಲುತ್ತದೆ. ಹಾಗೆಯೇ ‘ಕೆ’ಯಿಂದ ಶುರುವಾಗುವ ಕ್ರಿಯಾಪದಕ್ಕೆ ‘ವಿಕೆ’ ಸೇರಿಸಿದರೆ ಕೆತ್ತುವಿಕೆ, ಕೆದಕುವಿಕೆ. ‘ತು’ವಿನದಕ್ಕೆ ಭೂತಕಾಲ ಹಚ್ಚಿದರೆ, ಕೊಡ ‘ತುಳುಕಿತು’.

ಇಲ್ಲಿ ಇನ್ನೊಂದು ತಕರಾರು ಹುಟ್ಟುತ್ತದೆ. ವಿಭಕ್ತಿ ಹತ್ತಿದ ರೂಪಗಳನ್ನು ಬಿಟ್ಟುಕೊಟ್ಟರೆ ದನದ, ದಡದ, ಗೆಳತಿಗೆ, ಗೆಲುವಿಗೆ ಎಂದು ಆಟಕ್ಕೆ ಕೊನೆಯೇ ಇರುವುದಿಲ್ಲ. ನಿಘಂಟಿನಲ್ಲಿ ತಲೆಪದವಾಗಿ ಇರುವುದಷ್ಟೇ ಲೆಕ್ಕ ಎಂದು ಇಟ್ಟುಕೊಳ್ಳುವುದು ನ್ಯಾಯ. ಹಾಗೆ ಮಾಡಿದಾಗ ಕುಲುಕು, ಕುಟುಕು, ಗುನುಗು ಎಂಬ ಪುಟ್ಟ ಪದಗಳ ಬೆಲೆ ಹೆಚ್ಚುತ್ತದೆ. ಹಳಗನ್ನಡದ ಕಾಲ್, ಕಣ್ ಇಂದು ಕಾಲು, ಕಣ್ಣು ಆಗಿರುವಂತೆ ‘ಉ’ಕಾರದಲ್ಲಿ ಮುಗಿಯುವುದು ಹೊಸಗನ್ನಡಕ್ಕೆ ಪ್ರಿಯ. ಆದ್ದರಿಂದ ಮೊದಲಲ್ಲೂ ಕೊಂಬಿರುವ ಪದಗಳನ್ನು ತಡಕಿದರೆ ಏನಾದರೊಂದು ಸಿಗುವ ಸಂಭವ ಹೆಚ್ಚು.

ನಿಘಂಟು ಎಂದರೂ ಅದು ಜೋಡಿಸಿರುವುದು ಮೊದಲ ಅಕ್ಷರದಿಂದ, ಕೊನೆಯ ಅಕ್ಷರ ಹಿಡಿದು ಹುಡುಕಲು ಅದರಲ್ಲಿ ಅನುಕೂಲವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅಷ್ಟನ್ನೂ ನೋಡುವುದು ಆಗದ ಮಾತು. ‘ಕ’, ‘ಸ’ದಂಥ ದೊಡ್ಡ ಭಾಗಗಳನ್ನು ಬಿಟ್ಟು ‘ಕಿ’, ‘ತಿ’, ‘ನಿ’ಯಂಥ ಚಿಕ್ಕವನ್ನು ತೆಗೆದುಕೊಂಡು ಪುಟದ ಮೇಲೆ ಬೆರಳಾಡಿಸುವುದು ಲೇಸು.

ಕಂಪ್ಯೂಟರಿಗೆ ಒಪ್ಪಿಸಿದರೆ ಅದೂ ಎಡವುತ್ತದೆ. ಅದರ ಹೊಟ್ಟೆಯಲ್ಲಿ ‘ಕಿಟಕಿ’ ಎಂಬುದು ಮೂರು ಅಕ್ಷರವಲ್ಲ, ಐದು ಸಂಕೇತ. ಕ, ಗುಡಿಸು, ಟ, ಕ, ಗುಡಿಸು. ಮೊದಲ ಸಂಕೇತ ‘ಕ’, ಕೊನೆಯದು ಗುಡಿಸು, ಎರಡೂ ಬೇರೆ ಎಂದು ಅದು ಕಿಟಕಿಯನ್ನು ತಳ್ಳಿಬಿಡುತ್ತದೆ. ‘ಮರ್ಮ’ದ ಎರಡು ತುದಿಗಳಲ್ಲೂ ‘ಮ’ ಸಂಕೇತವೇ ಇರುವುದರಿಂದ ಅದನ್ನು ಸರಿ ಎನ್ನುತ್ತದೆ. ಮೊದಲು ಪದವನ್ನು ಅಕ್ಷರಗಳಾಗಿ ಒಡೆಯಲು ಕಲಿಸಿ, ಆಮೇಲೆ ಹೋಲಿಸಲು ಹೇಳಬೇಕು.

ಆ ಕಿಟಕಿಯದೇ ಒಂದು ಸೊಗಸಾದ ಕಥೆ. ಹಿಂದಿ, ಮರಾಠಿಗಳಲ್ಲಿ ಅದು ‘ಖಿಡಕೀ’. ಅಲ್ಲಿ ಮೊದಲಲ್ಲಿ ಮಹಾಪ್ರಾಣದ ‘ಖಿ’, ಕೊನೆಯಲ್ಲಿ ದೀರ್ಘದ ‘ಕೀ’, ಎರಡೂ ಕೂಡುವುದಿಲ್ಲ. ಕನ್ನಡದ ಬಾಯಿಗೆ ಬಂದು ಮಹಾಪ್ರಾಣವನ್ನೂ ಕೊನೆಯ ದೀರ್ಘವನ್ನೂ ಕಳೆದುಕೊಂಡ ಮೇಲೆ ಎರಡು ತುದಿಯೂ ಸರಿಹೊಂದಿದವು.

ಊರುಗಳ ಹೆಸರಿನಲ್ಲೂ ಇಂಥವು ಇವೆ. ತಿರುಪತಿ ಒಂದು, ಗದಗ ಇನ್ನೊಂದು. 1973ರ ನವೆಂಬರ್ 1ರವರೆಗೆ ಮೈಸೂರು ಎಂದಿದ್ದ ರಾಜ್ಯದ ಹೆಸರು ‘ಮೈ’ಯಿಂದ ಹೊರಟು ‘ರು’ವಿನಲ್ಲಿ ನಿಲ್ಲುತ್ತಿತ್ತು. ಆ ದಿನ ಬಂದ ಹೊಸ ಹೆಸರು ಕರ್ನಾಟಕ. ಅಂತ್ಯಾಕ್ಷರಿಯಲ್ಲಿ ‘ಕ’ ಬಂದಾಗ ಹೇಳಲು ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ.