ಹಳೆಯ ದಾಖಲೆಯ ಫೋಟೋ ನೆಟ್ಟಗೆ ತೆಗೆಯುವುದು ಹೇಗೆ?

ಜತ್ತ ತಾಲೂಕಿನ ಬಿಳೂರಿನ ಶಾಲೆಯೊಂದರ ಮುಖ್ಯಾಧ್ಯಾಪಕರು ಪಾಲಕರಿಗೆ ಒಂದು ಸೂಚನೆ ಕಳಿಸಿದ್ದಾರೆ. ಮನೆಯಲ್ಲಿರುವ ಹಳೆಯ ಶಾಲೆ ಬಿಟ್ಟ ದಾಖಲೆಗಳ ಫೋಟೋ ಕಳಿಸಿರಿ, ಫೋಟೋ ನೆಟ್ಟಗಿರಲಿ, ಬೆಳಕು ಚೆನ್ನಾಗಿರಲಿ ಎಂಬುದು ಅದರ ಸಾರ. ಶಾಲೆಯ ಹಳೆಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಕೆಲಸಕ್ಕೆ ಇವು ಬೇಕು. ನೆಟ್ಟಗೆ ಎಂದರೆ ಏನು, ಬೆಳಕು ಎಷ್ಟು ಎಂದು ಕೆಲವರು ಕೇಳಿದ್ದರಿಂದ ಇಲ್ಲಿ ವಿವರಿಸುತ್ತಿದ್ದೇವೆ.

ಶಾಲೆಯಲ್ಲೇ ರಜಿಸ್ಟರ್ ಇರುವಾಗ ಮನೆಯ ಪ್ರತಿ ಯಾಕೆ? ದಾಖಲೆ ಎನ್ನುವುದು ಶಾಲೆಯ ಜನರಲ್ ರಜಿಸ್ಟರಿನ ಒಂದು ಸಾಲಿನ ನಕಲು. ಹಳೆಯ ರಜಿಸ್ಟರಿನ ಅಂಚು ಹರಿದು, ಹಾಳೆ ಅಂಟಿಕೊಂಡು, ಹುಳು ತಿಂದು ಆ ಸಾಲು ಸಿಗದೆ ಹೋಗಬಹುದು. ನಿಮ್ಮ ಪ್ರತಿಯ ಮೇಲಿನ ರಜಿಸ್ಟರ್ ನಂಬರ್ ಸ್ಪಷ್ಟವಾಗಿದ್ದರೆ ಯಾವ ಪುಸ್ತಕ, ಯಾವ ಪುಟ ಎಂದು ಹುಡುಕಲು ದಾರಿಯಾಗುತ್ತದೆ.

ಇದರಿಂದ ಮನೆಗೂ ಉಪಯೋಗವಿದೆ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಹಳೆಯ ಪುರಾವೆ ಕೇಳುತ್ತಾರೆ. ಪರಿಶಿಷ್ಟ ಜಾತಿಯವರಿಗೆ 10 ಆಗಸ್ಟ್ 1950, ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 21 ನವೆಂಬರ್ 1961, ಇತರ ಹಿಂದುಳಿದ ವರ್ಗದವರಿಗೆ 13 ಅಕ್ಟೋಬರ್ 1967 ಗಡಿ ದಿನಾಂಕ. ಅಷ್ಟು ಹಿಂದಿನ ಕಾಗದವೆಂದರೆ ಅನೇಕ ಮನೆಗಳಲ್ಲಿ ಅಜ್ಜನ ಕನ್ನಡ ಶಾಲೆಯ ದಾಖಲೆ ಒಂದೇ.

ಈಗ ಫೋಟೋದ ವಿಚಾರ. ಬೆಳಗ್ಗೆ ಹತ್ತರ ಸುಮಾರಿಗೆ ಪಡಸಾಲೆಯಲ್ಲಿ, ಬಿಸಿಲು ನೇರವಾಗಿ ಬೀಳದ ಆದರೆ ಬೆಳಕಿರುವ ಕಡೆ ಕಾಗದವನ್ನು ನೆಲದ ಮೇಲೆ ಹಾಸಿರಿ. ಅಡಿಯಲ್ಲಿ ಬಣ್ಣದ ಬಟ್ಟೆ ಇದ್ದರೆ ಕಾಗದದ ಅಂಚು ಎದ್ದು ಕಾಣುತ್ತದೆ. ಬೆಳಕು ಒಂದೇ ಬದಿಯಿಂದ ಬಂದರೆ ಮಡಿಕೆಗಳ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಕಾಗದವನ್ನು ಸ್ವಲ್ಪ ತಿರುಗಿಸಿ ನೋಡಿರಿ. ಫ್ಲ್ಯಾಶ್ ಹಾಕಬೇಡಿ. ಲ್ಯಾಮಿನೇಶನ್ ಮಾಡಿಸಿದ ದಾಖಲೆಯ ಮೇಲೆ ಅದು ಬಿಳಿ ಚುಕ್ಕೆಯಾಗಿ ಕೂತು, ಕೆಳಗಿನ ಅಕ್ಷರವನ್ನು ಅಳಿಸಿಬಿಡುತ್ತದೆ.

ಫೋನನ್ನು ಕಾಗದದ ನಟ್ಟ ನಡುವೆ, ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ: ಕಾಗದದ ನಾಲ್ಕೂ ಅಂಚು ಪರದೆಯ ಅಂಚಿಗೆ ಸಮನಾಗಿ ಹೋಗಬೇಕು. ಮೇಲಿನ ಅಂಚು ಕೆಳಗಿನದಕ್ಕಿಂತ ಚಿಕ್ಕದಾಗಿ ಕಂಡರೆ ಫೋನ್ ವಾಲಿದೆ ಎಂದರ್ಥ. ಆಗ ಮೇಲಿನ ಸಾಲುಗಳ ಅಕ್ಷರ ಕಿರಿದಾಗುತ್ತದೆ. ಹೆಸರು, ರಜಿಸ್ಟರ್ ನಂಬರ್ ಹೆಚ್ಚಾಗಿ ಇರುವುದು ಅಲ್ಲಿಯೇ.

ಒಂದು ಉದಾಹರಣೆ ಹೇಳುತ್ತೇವೆ. ನಮ್ಮ ಸದಸ್ಯರೊಬ್ಬರು ತಾಯಿಯ ದಾಖಲೆಯ ಫೋಟೋವನ್ನು ಸಂಜೆ ಬಲ್ಬಿನ ಕೆಳಗೆ ತೆಗೆದಿದ್ದರು. ಹುಟ್ಟಿದ ವರ್ಷ ಕನ್ನಡ ಅಂಕೆಯಲ್ಲಿತ್ತು. ೧೯೪೬ ಎಂದು ಒಬ್ಬರು ಓದಿದರೆ, ೧೯೪೯ ಎಂದು ಇನ್ನೊಬ್ಬರು. ಕೊನೆಯ ಅಂಕೆಯ ಬಾಲದ ಮೇಲೆ ಸರಿಯಾಗಿ ಒಂದು ಮಡಿಕೆಯ ನೆರಳಿತ್ತು. ಮರುದಿನ ಬೆಳಗ್ಗೆ ಹೊರಗೆ ತೆಗೆದ ಫೋಟೋದಲ್ಲಿ ಬಾಲ ಸ್ಪಷ್ಟವಾಗಿ ಕಂಡಿತು: ಅದು ಆರು. ಕೆಳಗೆ ಅಕ್ಷರದಲ್ಲಿ ಬರೆದಿದ್ದ ದಿನಾಂಕವೂ ಹಾಗೇ ಇತ್ತು. ಮೊದಲ ಫೋಟೋದಲ್ಲಿ ಆ ಸಾಲು ಚೌಕಟ್ಟಿನ ಹೊರಗೆ ಹೋಗಿತ್ತು. ಆದ್ದರಿಂದ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟು ಇಡೀ ಕಾಗದ ಬರುವಂತೆ ತೆಗೆಯಿರಿ. ಹಿಂಬದಿಯಲ್ಲಿ ಶಿಕ್ಕೆ, ಸಹಿ ಅಥವಾ ಷರಾ ಇದ್ದರೆ ಅದನ್ನೂ ತೆಗೆಯಿರಿ.

ಸ್ಕ್ಯಾನರ್ ಆ್ಯಪ್ ಬಳಸುವವರು ಅದರ ಕಪ್ಪು-ಬಿಳುಪು ಆಯ್ಕೆಯನ್ನು ಬಿಡಿರಿ. ಮಾಸಿದ ನೇರಳೆ ಶಿಕ್ಕೆ ಅದರಲ್ಲಿ ಮಾಯವಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಕಲೆಸಿಹೋಗುತ್ತದೆ. ಅದೇ ಫೋಟೋವನ್ನು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಕಳಿಸುವ ಮೊದಲು ಪರದೆಯಲ್ಲಿ ದೊಡ್ಡದು ಮಾಡಿ ಹೆಸರು, ದಿನಾಂಕ, ರಜಿಸ್ಟರ್ ನಂಬರ್ ಮೂರನ್ನೂ ಓದಿ ನೋಡಿರಿ. ನಿಮಗೆ ಓದಲು ಬಾರದ್ದು ಅವರಿಗೂ ಬಾರದು.

ಕಾಗದ ಹರಿದಿದ್ದರೆ ಅಂಟು ಪಟ್ಟಿ ಹಚ್ಚಬೇಡಿ, ಇಸ್ತ್ರಿ ಮಾಡಬೇಡಿ. ತುಂಡುಗಳನ್ನು ಜೋಡಿಸಿಟ್ಟು ತೆಗೆದರೆ ಸಾಕು. ಮಾಸಿದ ಅಕ್ಷರದ ಮೇಲೆ ಪೆನ್ನು ಆಡಿಸಲೇಬೇಡಿ, ತಿದ್ದಿದ ದಾಖಲೆಯನ್ನು ಕಚೇರಿಯವರು ಸಂಶಯದಿಂದ ನೋಡುತ್ತಾರೆ. ಫೋಟೋವನ್ನು ಊರಿನ ಗುಂಪುಗಳಿಗೆ ಹಾಕದೆ ಮುಖ್ಯಾಧ್ಯಾಪಕರಿಗೆ ಮಾತ್ರ ಕಳಿಸಿರಿ, ಅದರಲ್ಲಿ ಜಾತಿ, ಜನ್ಮದಿನಾಂಕ ಎರಡೂ ಇರುತ್ತವೆ. ಫೋಟೋ ಪುರಾವೆಯಾಗುವುದಿಲ್ಲ. ಕಚೇರಿಯಲ್ಲಿ ಕೇಳುವುದು ಮೂಲ ಪ್ರತಿಯನ್ನೇ, ಅದನ್ನು ಯಾರಿಗೂ ಕೊಡದೆ ಮನೆಯಲ್ಲೇ ಜೋಪಾನವಾಗಿಡಿರಿ.