ಸಹಿಗೆ ಕಾಯುವ ಬೇರಿಂಗು

ಬೆಂಗಳೂರಿನ ಪೀಣ್ಯದಲ್ಲಿ ನೀರಿನ ಪಂಪು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ಅದರ ಮೋಟಾರುಗಳಿಗೆ 20 ಮಿಲಿಮೀಟರ್ ಒಳವ್ಯಾಸದ 6204 ಬೇರಿಂಗ್ ಬೇಕು. ದಿನಕ್ಕೆ 40 ಖರ್ಚಾಗುತ್ತವೆ. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 7 ಕೆಲಸದ ದಿನ ಹಿಡಿಯುತ್ತದೆ, ಅಷ್ಟರಲ್ಲಿ 280 ಬೇರಿಂಗ್ ಮುಗಿದಿರುತ್ತವೆ. ಲಾರಿ ತಡವಾಗಬಹುದು, ಒಂದು ವಾರ ಉತ್ಪಾದನೆ ಏರಬಹುದು. ಅದಕ್ಕಾಗಿ ಮೂರು ದಿನಕ್ಕಾಗುವಷ್ಟು, ಅಂದರೆ 120 ಬೇರಿಂಗ್, ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಎರಡೂ ಸೇರಿ 400. ಇದೇ ಆ ಬೇರಿಂಗಿನ ರೀಆರ್ಡರ್ ಲೆವೆಲ್.

ಸ್ಟಾಕ್ ಈ ಗೆರೆ ಮುಟ್ಟಿದ್ದನ್ನು ಗುರುತಿಸುವುದು ಕಂಪ್ಯೂಟರಿಗೆ ಸುಲಭದ ಕೆಲಸ. ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ವಸ್ತುವಿಗೂ, ಪ್ರತಿ ಗೋದಾಮಿಗೂ ಬೇರೆಬೇರೆ ಮಟ್ಟ ನಮೂದಿಸಬಹುದು. ಮಟ್ಟಕ್ಕಿಂತ ಇಳಿದರೆ ತಂತ್ರಾಂಶವೇ ಒಂದು ಮೆಟೀರಿಯಲ್ ರಿಕ್ವೆಸ್ಟ್ ಬರೆದಿಡುತ್ತದೆ. ಗಮನಿಸಿ, ಅದು ಬರೆಯುವುದು ಬೇಡಿಕೆ ಪತ್ರ, ನೇರ ಖರೀದಿ ಆದೇಶವಲ್ಲ. ಬೇಡಿಕೆ ಪತ್ರ ಕಂಪನಿಯೊಳಗಿನ ಕಾಗದ. ಖರೀದಿ ಆದೇಶವೋ ಹೊರಗಿನವರಿಗೆ ಕೊಟ್ಟ ಮಾತು, ಅದರ ಹಿಂದೆ ಹಣ ತೆರಬೇಕಾದ ಹೊಣೆ ಇರುತ್ತದೆ.

ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಸ್ಟೋರ್ಸ್‌ನಲ್ಲಿ 390 ಬೇರಿಂಗ್ ಇವೆ, 500ಕ್ಕೆ ನಿನ್ನೆಯೇ ಆರ್ಡರ್ ಹೋಗಿದೆ. ಕಪಾಟಿನಲ್ಲಿರುವುದನ್ನಷ್ಟೇ ಲೆಕ್ಕ ಹಿಡಿಯುವ ವ್ಯವಸ್ಥೆ ಇವತ್ತು ರಾತ್ರಿ ಮತ್ತೊಂದು ಆರ್ಡರ್ ಬರೆಯುತ್ತದೆ, ನಾಳೆ ರಾತ್ರಿ ಇನ್ನೊಂದು. ಮಾಲು ಬರುವ ಹೊತ್ತಿಗೆ ಸಾವಿರಾರು ಬೇರಿಂಗ್‌ಗೆ ಬಿಲ್ ಬಂದಿರುತ್ತದೆ. ಕೈಯಲ್ಲಿರುವ ಸ್ಟಾಕಿಗೆ ಬರಬೇಕಾದ್ದನ್ನು ಕೂಡಿಸಿ, ಈಗಾಗಲೇ ಬೇರೆ ಕೆಲಸಕ್ಕೆ ಮೀಸಲಾದದ್ದನ್ನು ಕಳೆದು, ಉಳಿದ ಸಂಖ್ಯೆಯನ್ನು ಮಟ್ಟದೊಡನೆ ಹೋಲಿಸಬೇಕು.

ಇನ್ನು ಒಪ್ಪಿಗೆಯ ಮಾತು. ತೊಂದರೆ ಹೆಚ್ಚಾಗಿ ಇರುವುದೂ ಇಲ್ಲೇ. ಬೇಡಿಕೆ ಪತ್ರ ಸೋಮವಾರ ಬೆಳಿಗ್ಗೆ ತಯಾರಾಗುತ್ತದೆ. ಮ್ಯಾನೇಜರ್ ಊರಲ್ಲಿಲ್ಲ, ಸಹಿ ಬೀಳುವುದು ಗುರುವಾರ. ಆಮೇಲೆ ಏಳು ದಿನಕ್ಕೆ ಮಾಲು ಬರುತ್ತದೆ. ಒಟ್ಟು ಹತ್ತು ದಿನ, ದಿನಕ್ಕೆ 40ರಂತೆ 400. ಸಪ್ಲೈಯರ್ ಒಂದು ದಿನವೂ ತಡಮಾಡಲಿಲ್ಲ, ಆದರೂ ಕಪಾಟು ಖಾಲಿ. ಲಾರಿಯ ವಿಳಂಬಕ್ಕೆಂದು ಇಟ್ಟಿದ್ದ 120 ಬೇರಿಂಗನ್ನು ಮೇಜಿನ ಮೇಲೆ ಬಿದ್ದಿದ್ದ ಕಾಗದವೇ ನುಂಗಿಹಾಕಿತು. ಸಹಿಗೆ ಮೂರು ದಿನ ಬೇಕೇ ಬೇಕೆಂದಾದರೆ ಮಟ್ಟವನ್ನು 520ಕ್ಕೆ ಏರಿಸಬೇಕು. ಅಂದರೆ ಅಷ್ಟು ಹಣವನ್ನು ಸದಾ ಕಪಾಟಿನಲ್ಲಿ ಕೂಡಿಹಾಕಬೇಕು.

ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಒಪ್ಪಿಗೆಯನ್ನು ಮುಂಚಿತವಾಗಿಯೇ ಮುಗಿಸಿಕೊಳ್ಳುವುದು. ಸಪ್ಲೈಯರನ್ನು ಒಂದು ಸಲ ಸರಿಯಾಗಿ ಪರೀಕ್ಷಿಸಿ ಅನುಮೋದಿತ ಪಟ್ಟಿಗೆ ಸೇರಿಸಬೇಕು. 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ, ಅದರೊಳಗಿನ ಪ್ಯಾನ್ ಸಂಖ್ಯೆ ಅವರು ಕೊಟ್ಟ ಪ್ಯಾನ್‌ಗೆ ಹೊಂದುತ್ತದೆಯೇ, ಬ್ಯಾಂಕ್ ಖಾತೆ ಅದೇ ಹೆಸರಿನಲ್ಲಿದೆಯೇ ಎಂದು ಲೆಕ್ಕಪತ್ರ ವಿಭಾಗ ನೋಡುತ್ತದೆ. ಮಾದರಿ ಬೇರಿಂಗನ್ನು ಗುಣಮಟ್ಟ ವಿಭಾಗ ಅಳೆದು ನೋಡುತ್ತದೆ. ದರವನ್ನು ಆರು ತಿಂಗಳಿಗೋ ವರ್ಷಕ್ಕೋ ನಿಗದಿ ಮಾಡಲಾಗುತ್ತದೆ. ಆಮೇಲೆ ಪಟ್ಟಿಯಲ್ಲಿರುವ ಸಪ್ಲೈಯರ್, ಒಪ್ಪಿದ ದರ, ಮಿತಿಯೊಳಗಿನ ಪ್ರಮಾಣ, ಈ ಮೂರೂ ಕೂಡಿಬಂದರೆ ಆರ್ಡರ್ ಯಾರ ಸಹಿಗೂ ಕಾಯದೆ ಹೊರಡಬಹುದು. ದರ ಏರಿದ್ದರೆ, ಸಪ್ಲೈಯರ್ ಹೊಸಬರಾಗಿದ್ದರೆ, ಬ್ಯಾಂಕ್ ಖಾತೆ ಬದಲಾಗಿದ್ದರೆ ಮಾತ್ರ ಅದು ಮನುಷ್ಯರ ಮುಂದೆ ನಿಲ್ಲಬೇಕು. ಆಗಲೂ ಒಂದು ದಿನದೊಳಗೆ ಉತ್ತರ ಬಾರದಿದ್ದರೆ ಮೇಲಿನವರಿಗೆ ಹೋಗಬೇಕೇ ವಿನಾ ತಾನಾಗಿ ಒಪ್ಪಿಗೆ ಪಡೆಯಬಾರದು. ಪಟ್ಟಿಗೆ ಹೆಸರು ಸೇರಿಸುವವರ ಕೈಗೆ ಖರೀದಿಗೆ ಒಪ್ಪಿಗೆ ಕೊಡುವ ಅಧಿಕಾರವನ್ನೂ ಕೊಡಬಾರದು. ಕೊಟ್ಟರೆ ಇಲ್ಲದ ಸಪ್ಲೈಯರ್‌ಗೆ ಹಣ ಹೋಗುವ ಬಾಗಿಲು ತೆರೆದಂತೆ.

ಆರ್ಡರ್ ಇಮೇಲಿನಲ್ಲಿ ಹೋದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಪ್ಲೈಯರ್ ಕೂಡ ಒಪ್ಪಬೇಕು. ‘500 ಒಟ್ಟಿಗೆ ಆಗಲ್ಲ ಸಾರ್, ಈಗ 300 ಕಳಿಸ್ತೀವಿ, ಮಿಕ್ಕಿದ್ದು ಎರಡು ವಾರ ಬಿಟ್ಟು’ ಎಂದು ಅವರು ಫೋನಿನಲ್ಲಿ ಹೇಳಿದ್ದು ತಂತ್ರಾಂಶಕ್ಕೆ ಸೇರದಿದ್ದರೆ, ಅದು 500 ಬರುತ್ತದೆಂದೇ ನಂಬಿ ಸುಮ್ಮನಿರುತ್ತದೆ. ಅವರಿಂದ ಉತ್ತರವೇ ಬಾರದಿದ್ದರೂ ಅಷ್ಟೇ. ಆದ್ದರಿಂದ ಉತ್ತರ ಬಾರದ ಆರ್ಡರ್‌ಗಳ ಪಟ್ಟಿಯನ್ನು ಖರೀದಿ ವಿಭಾಗ ಪ್ರತಿದಿನ ಬೆಳಿಗ್ಗೆ ನೋಡಿ, ಫೋನ್ ಮಾಡಿ, ಒಪ್ಪಿದ ಪ್ರಮಾಣ ಮತ್ತು ದಿನಾಂಕವನ್ನು ದಾಖಲಿಸಬೇಕು.

ಇಷ್ಟೆಲ್ಲ ಮಾಡಿದರೂ ಸರಿಯಾಗದ ಸಂಗತಿ ಒಂದುಂಟು. ರಾತ್ರಿ ಪಾಳಿಯಲ್ಲಿ ಚೀಟಿ ಬರೆಯದೆ ಹತ್ತು ಬೇರಿಂಗ್ ಎತ್ತಿಕೊಂಡು ಹೋದರೆ ಅದು ಯಾವ ತಂತ್ರಾಂಶಕ್ಕೂ ಗೊತ್ತಾಗದು. ಪರದೆಯ ಮೇಲೆ 410 ಇರುತ್ತದೆ, ಕಪಾಟಿನಲ್ಲಿ 400. ಈ ವ್ಯವಸ್ಥೆ ಅಳವಡಿಸಲು ಹೊರಟವರು ಮೊದಲು ಹೆಚ್ಚು ಓಡುವ ಇಪ್ಪತ್ತು ವಸ್ತುಗಳನ್ನು ಆರಿಸಿಕೊಂಡು, ಒಂದು ತಿಂಗಳು ವಾರಕ್ಕೊಮ್ಮೆ ಕೈಯಲ್ಲಿ ಎಣಿಸಿ ಪರದೆಯ ಲೆಕ್ಕಕ್ಕೆ ತಾಳೆ ನೋಡಲಿ. ಎರಡೂ ಹೊಂದುವವರೆಗೆ ಆರ್ಡರ್‌ಗಳು ಕರಡಾಗಿಯೇ ಉಳಿಯಲಿ.